ನನಗೂ ಒಂದು ತುಂಡು

ಅಕ್ಷರ ಬಾರದ ಮಗುವಿಗೂ ಕಥೆ ಬರುತ್ತದೆ. ಶಾಲೆಯ ಮೆಟ್ಟಿಲನ್ನು ಹತ್ತುವ ಮೊದಲೇ ಅದು ಅಜ್ಜಿಯ ಮಗ್ಗುಲಲ್ಲಿ ಮಲಗಿ ಕಾಗಕ್ಕ-ಗುಬ್ಬಕ್ಕರ ಕಥೆಯನ್ನು ಕೇಳಿರುತ್ತದೆ. ಮಳೆಗೆ ಮನೆ ಕಳೆದುಕೊಂಡ ಕಾಗಕ್ಕ ಬಂದು ಬಾಗಿಲು ತಟ್ಟುತ್ತಾಳೆ. ಬೆಚ್ಚಗೆ ಒಳಗಿರುವ ಗುಬ್ಬಕ್ಕ ಪ್ರತಿ ಸಲವೂ ಒಂದು ನೆಪ ಹೇಳುತ್ತಾಳೆ. ಬಾಗಿಲು ತಟ್ಟುವ ಮಾತು ಬದಲಾಗುವುದಿಲ್ಲ. ನೆಪ ಮಾತ್ರ ಬದಲಾಗುತ್ತದೆ. ಮೂರನೆಯ ಸಲ ಅಜ್ಜಿ ಬಾಯಿ ತೆರೆಯುವ ಮೊದಲೇ ಕಾಗಕ್ಕನ ಮಾತನ್ನು ಮಗುವೇ ಹೇಳಿಬಿಡುತ್ತದೆ. ಮುಂದೆ ಬರುವ ಮಾತು ತನಗೆ ಗೊತ್ತು ಎಂಬ ಈ ಧೈರ್ಯವು ಕಥೆಯನ್ನು ಮಗುವಿನದಾಗಿ ಮಾಡುತ್ತದೆ.

ಈ ಧೈರ್ಯವನ್ನು ಕಿವಿಯಿಂದ ಕಣ್ಣಿಗೆ ತರಬಹುದೇ ಎಂಬುದು ಒಂದನೆಯ ತರಗತಿಗೆ ಪಾಠ ಹೇಳುವವರ ಮುಂದಿರುವ ಪ್ರಶ್ನೆ. ಹೊಸಪೇಟೆಯ ಶಾಲೆಯೊಂದರ ಅಧ್ಯಾಪಕಿಯೊಬ್ಬರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು, ಆರು ವರ್ಷದ ಮಕ್ಕಳು ತಾವೇ ಓದಬಲ್ಲ ಒಂದು ಕಥೆಯನ್ನು ಬರೆದರು. ಕಥೆಯ ವಸ್ತು ಹಂಚಿ ತಿನ್ನುವುದು. ಅದರ ಗಾತ್ರ ಎಪ್ಪತ್ತು ಪದಗಳಿಗೂ ಕಡಿಮೆ. ಅಷ್ಟನ್ನು ಬರೆಯುವುದಕ್ಕೆ ಅವರು ತೆಗೆದುಕೊಂಡ ಶ್ರಮ ದೊಡ್ಡ ಪ್ರಬಂಧವೊಂದಕ್ಕೆ ಬೇಕಾಗುವಷ್ಟು.

ಅವರನ್ನು ಈ ಕೆಲಸಕ್ಕೆ ಹಚ್ಚಿದ್ದು ತರಗತಿಯಲ್ಲಿ ಕಂಡ ಒಂದು ಸಂಗತಿ. ಹಲವು ಮಕ್ಕಳು ಪಾಠವನ್ನು ಗಡಗಡನೆ ಒಪ್ಪಿಸುತ್ತಿದ್ದರು. ಪುಸ್ತಕ ಕೈಯಲ್ಲಿತ್ತು, ಬೆರಳು ಸಾಲಿನ ಮೇಲಿತ್ತು, ಬಾಯಲ್ಲಿ ಮಾತು ಸರಿಯಾಗಿತ್ತು. ಆದರೆ ಬೆರಳು ಒಂದು ಪದದ ಮೇಲಿದ್ದರೆ ಬಾಯಿ ಇನ್ನೊಂದು ಪದದಲ್ಲಿರುತ್ತಿತ್ತು. ಸಾಲಿನ ನಡುವಿನ ಒಂದು ಪದವನ್ನು ತೋರಿಸಿ ಇದೇನೆಂದು ಕೇಳಿದರೆ, ಮಗು ಸಾಲಿನ ಮೊದಲಿಗೆ ಹೋಗಿ ಎಲ್ಲವನ್ನೂ ಮತ್ತೆ ಹೇಳಿಕೊಂಡು ಬಂದು ಆ ಪದವನ್ನು ಮುಟ್ಟುತ್ತಿತ್ತು. ಅದು ಓದಲ್ಲ, ಕಂಠಪಾಠ. ಸಂಡೂರಿನ ಕಡೆಯ ತಾಂಡಾದಿಂದ ಬಂದ, ಮನೆಯಲ್ಲಿ ಲಂಬಾಣಿ ಮಾತನಾಡುವ ಹುಡುಗಿಯೊಬ್ಬಳು ಎಲ್ಲರಿಗಿಂತ ಚೆನ್ನಾಗಿ ಒಪ್ಪಿಸುತ್ತಿದ್ದಳು. ಆದ್ದರಿಂದಲೇ ಆಕೆಗೆ ಓದು ಬಾರದೆಂಬುದು ಬಹುಕಾಲ ಯಾರ ಗಮನಕ್ಕೂ ಬಂದಿರಲಿಲ್ಲ.

ಇದಕ್ಕೆ ಉಪಾಯವಾಗಿ ಪುನರುಕ್ತಿಯನ್ನೇ ತೆಗೆದುಹಾಕಬಹುದಿತ್ತು. ಕಲಿತ ಅಕ್ಷರಗಳಿಂದಷ್ಟೇ ಹೊಸ ಹೊಸ ಪದಗಳನ್ನು ಕಟ್ಟಿ ಕೊಡಬಹುದಿತ್ತು. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿಸದೆ ರ, ಗ, ಸ, ದ, ಅ ಎಂದು ಆರಂಭಿಸುತ್ತಾರೆ. ಈ ಐದರಿಂದಲೇ ಸರ, ಅರಸ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಪದಗಳನ್ನು ಕಲಿಸಲು ಇದು ಒಳ್ಳೆಯ ದಾರಿ. ಆದರೆ ಅರಸನಿಗೂ ಗರಗಸಕ್ಕೂ ಸಂಬಂಧ ಕಲ್ಪಿಸಿ ಆರು ವರ್ಷದ ಮಗು ನಂಬುವ ಕಥೆಯನ್ನು ಹೇಳುವುದು ಸುಲಭವಲ್ಲ. ಅಧ್ಯಾಪಕಿಯವರು ಪುನರುಕ್ತಿಯನ್ನು ಬಿಡಲಿಲ್ಲ. ಅದರ ನಡುವೆ ಒಂದು ಪದವನ್ನು ಬದಲಿಸುವ ದಾರಿಯನ್ನು ಹಿಡಿದರು. ಉಳಿದ ಸಾಲು ಮಗುವನ್ನು ಕೈಹಿಡಿದು ನಡೆಸಲಿ, ಬದಲಾದ ಪದದ ಬಳಿ ಕೈ ಬಿಡಲಿ. ಅಲ್ಲಿ ಮಗು ತಾನೇ ನೋಡಿ ಓದಲಿ ಎಂಬುದು ಅವರ ಯೋಚನೆ.

ಬದಲಾಗುವ ಪದ ಯಾವುದಿರಬೇಕು? ಮಗು ಅದನ್ನು ಮೊದಲೇ ಎಲ್ಲಿಯಾದರೂ ಕಂಡಿರಬೇಕು. ಹೊಸಪೇಟೆಯ ಮಕ್ಕಳು ಅಕ್ಷರ ಕಲಿಯುವ ಮೊದಲೇ ನೋಡಿರುವ ಬರಹವೆಂದರೆ ಬಸ್ಸಿನ ಹಣೆಯ ಮೇಲಿನ ಫಲಕ. ಹಂಪಿ, ಸಂಡೂರು, ಕಂಪ್ಲಿ ಎಂಬ ಊರಿನ ಹೆಸರುಗಳು ಅವರಿಗೆ ಬಸ್ ನಿಲ್ದಾಣದಿಂದಲೇ ಪರಿಚಿತ. ಹಂಚುವ ವಸ್ತುವಾಗಿ ಬಾಳೆಹಣ್ಣು ಬಂತು. ಹೊಸಪೇಟೆಯಿಂದ ಕಮಲಾಪುರವನ್ನು ಹಾದು ಹಂಪಿಗೆ ಹೋಗುವಾಗ, ವಿಜಯನಗರದ ಕಾಲದ ಕಾಲುವೆಗಳ ನೀರಿನಲ್ಲಿ ಬೆಳೆದ ಬಾಳೆಯ ತೋಟಗಳು ಕಣ್ಣಿಗೆ ಬೀಳುತ್ತವೆ. ಅಷ್ಟೇ ಅಲ್ಲ, ಬಾಳೆಹಣ್ಣನ್ನು ಎಣಿಸಬಹುದು, ಪುಟ್ಟ ಕೈಯಿಂದ ಮುರಿಯಲೂ ಬಹುದು. ಕಂಪ್ಲಿಯ ಕಬ್ಬನ್ನು ಮಗು ಮುರಿಯಲಾರದು. ಹಂಪಿಯ ಕೋತಿಯನ್ನು ಕಥೆಗೆ ತರಬೇಕೆಂದು ಸಹೋದ್ಯೋಗಿಯೊಬ್ಬರು ಸೂಚಿಸಿದರು. ಕಥೆಯಲ್ಲಿ ಕೋತಿಗೆ ಹಣ್ಣು ಕೊಟ್ಟ ಮಗು ನಾಳೆ ಹಂಪಿಯಲ್ಲಿ ಕೈಯಾರೆ ಕೊಡಲು ಹೋಗಿ ಕಚ್ಚಿಸಿಕೊಂಡೀತೆಂದು ಅಧ್ಯಾಪಕಿಯವರು ಅದನ್ನು ಕೈಬಿಟ್ಟರು.

ಹೀಗೆ ಸಿದ್ಧವಾದ ಕಥೆ ಇಲ್ಲಿದೆ. ಇದನ್ನು ಆರು ಹಾಳೆಗಳಲ್ಲಿ, ಹಾಳೆಗೊಂದು ಚಿತ್ರದೊಡನೆ, ದಪ್ಪ ಅಕ್ಷರದಲ್ಲಿ ಬರೆಯಲಾಗಿತ್ತು.

ಇವಳು ಕಮಲ.
ಕಮಲಳ ಬಳಿ ೪ ಹಣ್ಣು.

ಒಂದು ಮಗು ಬಂತು.
“ಯಾವ ಊರು?”
“ಹಂಪಿ. ನನಗೂ ಕೊಡು.”
“ತಗೋ, ಒಂದು ಹಣ್ಣು.”
ಇನ್ನು ಮೂರು.

ಒಂದು ಮಗು ಬಂತು.
“ಯಾವ ಊರು?”
“ಸಂಡೂರು. ನನಗೂ ಕೊಡು.”
“ತಗೋ, ಒಂದು ಹಣ್ಣು.”
ಇನ್ನು ಎರಡು.

ಒಂದು ಮಗು ಬಂತು.
“ಯಾವ ಊರು?”
“ಕಂಪ್ಲಿ. ನನಗೂ ಕೊಡು.”
“ತಗೋ, ಒಂದು ಹಣ್ಣು.”
ಇನ್ನು ಒಂದು.

ಒಂದು ಮಗು ಬಂತು.
“ಯಾವ ಊರು?”
“ಹೊಸಪೇಟೆ. ನನಗೂ ಕೊಡು.”

ಕಮಲ ಹಣ್ಣು ನೋಡಿದಳು.
ಮಗು ಹಣ್ಣು ನೋಡಿತು.
ಕಮಲ ಹಣ್ಣು ಮುರಿದಳು.
“ತಗೋ, ಒಂದು ತುಂಡು. ನನಗೂ ಒಂದು ತುಂಡು.”
ಇನ್ನು ಆಟ.

ಅಂಕಿಯೊಂದನ್ನು ಬಿಟ್ಟರೆ ಇದರಲ್ಲಿರುವುದು ೬೯ ಪದಗಳು. ಆದರೆ ಬೇರೆ ಬೇರೆ ಪದಗಳೆಂದು ಎಣಿಸಿದರೆ ೨೫ ಮಾತ್ರ. ‘ಒಂದು’ ಎಂಬುದೊಂದೇ ಹತ್ತು ಸಲ ಬರುತ್ತದೆ, ‘ಹಣ್ಣು’ ಏಳು ಸಲ. ಕಥೆಯನ್ನು ಮುಗಿಸಿದ ಮಗು ಈ ಎರಡು ಪದಗಳನ್ನಾದರೂ ಬೇರೆಡೆ ಕಂಡಾಗ ಗುರುತಿಸುತ್ತದೆ.

ಸರಳವಾಗಿ ಕಾಣುವ ಈ ಸಾಲುಗಳ ಹಿಂದೆ ಕನ್ನಡಕ್ಕೇ ವಿಶಿಷ್ಟವಾದ ಕೆಲವು ತೊಡಕುಗಳಿದ್ದುವು. ಮೊದಲನೆಯದು ಕ್ರಿಯಾಪದದ್ದು. ಗೆಳೆಯ ಎಂದರೆ ‘ಬಂದ’ ಆಗಬೇಕು, ಗೆಳತಿ ಎಂದರೆ ‘ಬಂದಳು’. ಊರಿನ ಹೆಸರಿನ ಜೊತೆಗೆ ಕ್ರಿಯಾಪದವೂ ಬದಲಾದರೆ ಮಗುವಿನ ಕಣ್ಣು ಎರಡು ಕಡೆ ಎಡವುತ್ತದೆ. ‘ಮಗು’ ಎಂದಿಟ್ಟಾಗ ಎಲ್ಲ ಸಲವೂ ‘ಬಂತು’ ಎಂಬ ಒಂದೇ ರೂಪ ಸಾಕಾಯಿತು. ಎರಡನೆಯದು ವಿಭಕ್ತಿಯದು. ಹಂಪಿಯ ಮಗು, ಸಂಡೂರಿನ ಮಗು ಎಂದು ಬರೆದರೆ, ಬಸ್ಸಿನ ಫಲಕದಲ್ಲಿ ಕಂಡ ಹೆಸರಿನ ಬಾಲ ಬದಲಾಗಿ ಅದು ಅಪರಿಚಿತವಾಗುತ್ತದೆ. ‘ಯಾವ ಊರು?’ ಎಂಬ ಪ್ರಶ್ನೆಯನ್ನು ತಂದದ್ದು ಇದಕ್ಕಾಗಿಯೇ. ಉತ್ತರದಲ್ಲಿ ಊರಿನ ಹೆಸರು ಪ್ರತ್ಯಯವಿಲ್ಲದೆ ಫಲಕದಲ್ಲಿರುವಂತೆಯೇ ನಿಲ್ಲುತ್ತದೆ. ಮೂರನೆಯದು ವಚನದ್ದು. ‘ಉಳಿದವು ಮೂರು’ ಸರಿ, ‘ಉಳಿದವು ಎರಡು’ ಸರಿ. ‘ಉಳಿದವು ಒಂದು’ ಎಂಬುದು ಕನ್ನಡವಲ್ಲ. ‘ಇನ್ನು’ ಎಂಬ ಪದ ಈ ಕಷ್ಟವನ್ನು ನೀಗಿತು. ಹಾಗೆಯೇ ಗ್ರಾಂಥಿಕವಾದ ‘ತೆಗೆದುಕೊ’ ಎಂಬುದರ ಬದಲು ಮಕ್ಕಳ ಬಾಯಲ್ಲಿರುವ ‘ತಗೋ’ ಉಳಿಯಿತು. ಬಾಯಲ್ಲಿ ಇಲ್ಲದ ಮಾತನ್ನು ಕಣ್ಣು ಊಹಿಸಲಾರದು.

ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಒತ್ತಕ್ಷರದ ವಿಷಯ. ಕನ್ನಡದಲ್ಲಿ ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಸೇರಿ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳ ಓದನ್ನು ಕುರಿತು ಸೊನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನವು, ಈ ಕಲಿಕೆ ಒಂದನೆಯ ತರಗತಿಯಲ್ಲಿಯೇ ಮುಗಿಯುವಂಥದಲ್ಲ, ಮುಂದಿನ ತರಗತಿಗಳಿಗೂ ಹಬ್ಬುತ್ತದೆ ಎಂಬುದನ್ನು ತೋರಿಸಿಕೊಟ್ಟಿದೆ. ಹಾಗೆಂದು ಒತ್ತಕ್ಷರವೇ ಇಲ್ಲದ ಕಥೆಯಲ್ಲಿ ‘ಹಣ್ಣು’ ಎಂಬ ಪದಕ್ಕೂ ಜಾಗವಿಲ್ಲದಂತಾಗುತ್ತದೆ. ಅಧ್ಯಾಪಕಿಯವರು ಒಂದು ನಿಯಮವನ್ನು ಮಾಡಿಕೊಂಡರು. ಕಠಿಣವಾದ ಅಕ್ಷರವಿದ್ದರೆ ಅದು ಮತ್ತೆ ಮತ್ತೆ ಬರುವ ಭಾಗದಲ್ಲಿರಲಿ. ಬದಲಾಗುವ ಜಾಗದಲ್ಲಿ ಸುಲಭವಾದದ್ದೇ ಬರಲಿ. ‘ಹಣ್ಣು’, ‘ಇನ್ನು’ ಎಂಬ ಎರಡೂ ಪದಗಳು ಪುನರುಕ್ತಿಯ ಭಾಗದವು. ಅವನ್ನು ಮಗು ಇಡಿಯಾಗಿ ಗುರುತಿಸುತ್ತ ಹೋಗುತ್ತದೆ. ಬದಲಾಗುವ ಮೂರು, ಎರಡು, ಒಂದು ಎಂಬಲ್ಲಿ ಒತ್ತಕ್ಷರವಿಲ್ಲ. ‘ನಾಲ್ಕು’ ಎಂಬುದರಲ್ಲಿ ಇದೆ. ಅದನ್ನು ಅಂಕಿಯಲ್ಲಿ ಬರೆದದ್ದು ಈ ಕಾರಣಕ್ಕೆ. ಹಂಪಿ, ಸಂಡೂರು, ಹೊಸಪೇಟೆ ಈ ಮೂರರಲ್ಲಿಯೂ ಒತ್ತಕ್ಷರವಿಲ್ಲ. ನಿಯಮವನ್ನು ಮುರಿಯುವ ಊರು ಒಂದೇ, ಕಂಪ್ಲಿ.

ಕಂಪ್ಲಿಯನ್ನು ಬಿಟ್ಟು ಸುಲಭದ ಇನ್ನೊಂದು ಊರನ್ನು ಹಾಕಬಹುದಿತ್ತು. ಅವರು ಬೇಕೆಂದೇ ಅದನ್ನು ಉಳಿಸಿ ಮೂರನೆಯ ಜಾಗದಲ್ಲಿಟ್ಟರು. ಅಷ್ಟು ಹೊತ್ತಿಗೆ ಸಾಲಿನ ನಡೆ ಮಗುವಿಗೆ ಬಂದಿರುತ್ತದೆ. ಇಲ್ಲಿ ಊರಿನ ಹೆಸರು ಬರಬೇಕೆಂಬುದು ತಿಳಿದಿರುತ್ತದೆ. ಉಳಿದದ್ದೆಲ್ಲ ಸುಲಭವಾಗಿರುವಾಗ ಒಂದು ಕಷ್ಟವನ್ನು ನಿಂತು ನೋಡಲು ಬಿಡುವು ದೊರೆಯುತ್ತದೆ.

ಕಥೆಯನ್ನು ತರಗತಿಗೆ ತಂದಾಗ ಮೊದಲ ದಿನ ಅವರೇ ಎರಡು ಸಲ ಓದಿದರು. ಎರಡನೆಯ ಓದಿನಲ್ಲಿ ‘ನನಗೂ ಕೊಡು’ ಎಂಬಲ್ಲಿ ಸುಮ್ಮನೆ ನಿಂತರು; ಮಕ್ಕಳು ಒಂದೇ ಕೊರಳಿನಲ್ಲಿ ತುಂಬಿದರು. ಎರಡನೆಯ ದಿನ ಮಕ್ಕಳು ಸಾಲಾಗಿ ಓದಿದರು. ಯಾರೂ ತಪ್ಪಲಿಲ್ಲ. ಕಂಠಪಾಠವನ್ನು ಬಲ್ಲ ಅಧ್ಯಾಪಕಿಗೆ ಇದು ಸಮಾಧಾನದ ಸಂಗತಿಯಾಗಿರಲಿಲ್ಲ. ಮೂರನೆಯ ದಿನ ಅವರು ಊರಿನ ಹೆಸರುಗಳನ್ನು ಬೇರೆ ರಟ್ಟಿನ ಚೀಟಿಗಳಲ್ಲಿ ಬರೆದು ತಂದು, ಚಿತ್ರಗಳನ್ನು ಮುಚ್ಚಿ, ಹಂಪಿಯಿದ್ದ ಜಾಗದಲ್ಲಿ ಸಂಡೂರನ್ನೂ ಸಂಡೂರಿದ್ದ ಜಾಗದಲ್ಲಿ ಕಂಪ್ಲಿಯನ್ನೂ ಇಟ್ಟರು. ಪರೀಕ್ಷೆ ಆರಂಭವಾದದ್ದು ಆಗ.

ಚೀಟಿಯ ಮೇಲೆ ಸಂಡೂರು ಎಂದಿದ್ದರೂ ಹಲವರು ‘ಹಂಪಿ’ ಎಂದೇ ಹೇಳಿ ಮುಂದಕ್ಕೆ ಹೋದರು. ಅವರ ಕಣ್ಣು ಕಾಗದದ ಮೇಲಿರಲಿಲ್ಲ. ಕೆಲವರು ಆ ಪದದ ಬಳಿ ತಡೆದು ನಿಂತರು. ತಡೆದು ನಿಂತವರನ್ನು ಕಂಡು ಅಧ್ಯಾಪಕಿಯವರಿಗೆ ಸಂತೋಷವಾಯಿತು. ಏಕೆಂದರೆ ಕೇಳಿದ್ದಕ್ಕೂ ಕಂಡದ್ದಕ್ಕೂ ಹೊಂದಿಕೆಯಿಲ್ಲವೆಂಬುದು ಅವರಿಗೆ ತಿಳಿದಿತ್ತು. ತಾಂಡಾದ ಹುಡುಗಿ ಮೊದಲ ದಿನದ ಪರೀಕ್ಷೆಯಲ್ಲಿ ನಿಲ್ಲದೆ ಹೋದವರ ಗುಂಪಿನವಳು. ಅವಳನ್ನು ತಿದ್ದುವ ಬದಲು ಅಧ್ಯಾಪಕಿಯವರು ಚೀಟಿಗಳನ್ನು ಅವಳ ಕೈಗೇ ಕೊಟ್ಟು, “ಯಾವ ಊರಿನವರು ಮೊದಲು ಬರಬೇಕೋ ನೀನೇ ಇಡವ್ವ” ಎಂದರು. ಇಡಬೇಕಾದರೆ ನೋಡಬೇಕು. ತನ್ನ ಊರಿನ ಕಡೆಯ ಸಂಡೂರನ್ನು ಅವಳು ಹುಡುಕಿ ಮೊದಲಿಗಿಟ್ಟಳು. ‘ಸಂ’ ಎಂಬುದರ ಸೊನ್ನೆಯ ಮೇಲೆ ಬೆರಳಿಟ್ಟು, ಹಂಪಿಯಲ್ಲಿಯೂ ಈ ಸೊನ್ನೆಯಿದೆಯೆಂದು ತೋರಿಸಿದಳು.

ಕಂಪ್ಲಿಯಲ್ಲಿ ಆದ ತಪ್ಪು ಬೇರೆ ಬಗೆಯದು. ಇಬ್ಬರು ಮೂವರು ಮಕ್ಕಳು ಅದನ್ನು ‘ಕಂಪಿಲ’ ಎಂದು ಓದಿದರು. ಕೇಳಿದವರಿಗೆ ನಗು ಬರಬಹುದು. ಆದರೆ ಬರಹವನ್ನು ದಿಟ್ಟಿಸಿ ನೋಡಿದರೆ ತಪ್ಪು ಮಕ್ಕಳದ್ದಲ್ಲವೆಂದು ತಿಳಿಯುತ್ತದೆ. ‘ಪ್ಲಿ’ ಎಂಬುದರಲ್ಲಿ ಇಕಾರದ ಗುಡಿಸು ಮೇಲಿನ ‘ಪ’ಕಾರಕ್ಕೆ ಅಂಟಿಕೊಂಡಿದೆ, ‘ಲ’ಕಾರ ಕೆಳಗೆ ಒತ್ತಾಗಿ ಕುಳಿತಿದೆ. ಕಣ್ಣಿಗೆ ಮೊದಲು ಕಾಣುವುದು ‘ಪಿ’, ಅನಂತರ ‘ಲ’. ಮೇಲಿನ ಅಕ್ಷರಕ್ಕೆ ಅಂಟಿದ ಸ್ವರವನ್ನು ಕೆಳಗಿನ ಒತ್ತನ್ನು ಉಚ್ಚರಿಸಿದ ಮೇಲೆ ಹೇಳಬೇಕೆಂಬುದನ್ನು ಯಾರಾದರೂ ಕಲಿಸದ ಹೊರತು ಮಗುವಿಗೆ ಹೊಳೆಯದು. ‘ಕಂಪಿಲ’ ಎಂದವರು ಕಂಡದ್ದನ್ನು ಕಂಡ ಕ್ರಮದಲ್ಲಿಯೇ ಓದಿದ್ದರು. ಕಂಪ್ಲಿ ಎಂದು ಥಟ್ಟನೆ ಹೇಳಿದವನಿಗಿಂತ ಅವರು ಓದಿಗೆ ಹತ್ತಿರವಾಗಿದ್ದರು. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಇಲ್ಲಿ ಆಳಿದ ಕುಮಾರರಾಮನ ತಂದೆಯ ಹೆಸರು ಕಂಪಿಲರಾಯ. ಮಕ್ಕಳು ತಿಳಿಯದೆಯೇ ಆ ಹಳೆಯ ಹೆಸರನ್ನು ಮುಟ್ಟಿದ್ದರು. ಅಧ್ಯಾಪಕಿಯವರು ಕರಿಹಲಗೆಯ ಮೇಲೆ ಪ, ಪ್ಲ, ಪ್ಲಿ ಎಂದು ಹಂತಹಂತವಾಗಿ ಬರೆದು, ಗುಡಿಸು ಕೊನೆಗೆ ಬರುವುದನ್ನು ತೋರಿಸಿದರು. ಅದಕ್ಕೆ ಹಿಡಿದದ್ದು ಐದು ನಿಮಿಷ.

ಓದಿನ ಮಾತು ಇಷ್ಟಾದರೆ, ಹಂಚಿಕೆಯ ಮಾತು ಇನ್ನೊಂದು. ಆರನೆಯ ವಯಸ್ಸು ಈ ವಿಷಯದಲ್ಲಿ ನಡುಹೊಳೆಯಂಥದು. ಸ್ವಿಟ್ಜರ್ಲೆಂಡಿನ ಮಕ್ಕಳನ್ನು ಕುರಿತು ೨೦೦೮ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೂರು ನಾಲ್ಕು ವರ್ಷದವರಲ್ಲಿ ಹೆಚ್ಚಿನವರು ತಮ್ಮ ಪಾಲನ್ನೇ ನೋಡಿಕೊಂಡರು. ಏಳು ಎಂಟು ವರ್ಷದವರಲ್ಲಿ ಹೆಚ್ಚಿನವರು ಸಮವಾಗಿ ಹಂಚಲು ಒಪ್ಪಿದರು. ಆರು ವರ್ಷದ ಮಗು ಈ ಎರಡು ದಡಗಳ ನಡುವೆ ಇರುತ್ತದೆ. ಕೊಡಬೇಕೆಂಬುದು ಅದಕ್ಕೆ ಗೊತ್ತು. ಕೊಟ್ಟರೆ ತನಗೆ ಕಡಿಮೆಯಾಗುತ್ತದೆಂಬುದೂ ಗೊತ್ತು.

ಕಥೆಯ ಮೊದಲ ರೂಪದಲ್ಲಿ ಕಮಲ ನಾಲ್ಕು ಹಣ್ಣನ್ನೂ ಕೊಟ್ಟು ಬರಿಗೈಯಲ್ಲಿ ನಗುತ್ತಿದ್ದಳು. ಅದನ್ನು ಬಾಯಿಮಾತಿನಲ್ಲಿ ಹೇಳಿದಾಗ ಒಬ್ಬ ಹುಡುಗ ಎದ್ದು, “ಟೀಚರ್, ಕಮಲಾಗ ಬ್ಯಾಡೇನ್ರೀ?” ಎಂದು ಕೇಳಿದ. ಇಡೀ ತರಗತಿ ಅವನ ಪಕ್ಷವಾಯಿತು. ಇನ್ನೊಂದು ರೂಪದಲ್ಲಿ ಹಣ್ಣು ತಿಂದ ಮಕ್ಕಳು ಮರಳಿ ಬಂದು ಕಮಲಳಿಗೆ ಕಬ್ಬು ಬೆಲ್ಲಗಳನ್ನು ಕೊಡುತ್ತಿದ್ದರು. ಮಕ್ಕಳು ಹಿಗ್ಗಿದರು, ಆದರೆ ಕೊಟ್ಟದ್ದಕ್ಕೆ ಹೆಚ್ಚಿನದು ಬರುವುದಾದರೆ ಅದು ಹಂಚಿಕೆಯಲ್ಲ, ವ್ಯಾಪಾರ. ಅಗುಳನ್ನು ಕಂಡು ತನ್ನ ಬಳಗವನ್ನು ಕರೆಯುವ ಕಾಗೆಯನ್ನು ಬಸವಣ್ಣನವರು ನೆನೆದದ್ದು ನಮ್ಮ ಜನಕ್ಕೆ ಹೊಸತಲ್ಲ. ಆ ಕಾಗೆ ತಾನು ಉಪವಾಸವಿದ್ದು ಬಳಗಕ್ಕೆ ಉಣಿಸುವುದಿಲ್ಲ, ಮರಳಿ ಪಡೆಯಲೆಂದೂ ಕರೆಯುವುದಿಲ್ಲ. ಬಳಗದೊಡನೆ ತಾನೂ ತಿನ್ನುತ್ತದೆ.

ಕೊನೆಯ ಹಾಳೆ ಈ ವಿಚಾರದಿಂದ ಹುಟ್ಟಿತು. ಕಥೆಯಲ್ಲಿ ‘ನನಗೂ’ ಎಂಬ ಪದ ಐದು ಸಲ ಬರುತ್ತದೆ. ನಾಲ್ಕು ಸಲ ಬೇಡುವ ಮಕ್ಕಳ ಬಾಯಲ್ಲಿ ಬಂದದ್ದು ಐದನೆಯ ಸಲ ಕೊಡುವವಳ ಬಾಯಲ್ಲಿ ಬರುತ್ತದೆ. ಪದ ಅದೇ, ಹೇಳುವವರು ಬೇರೆ. ನಾಲ್ಕು ಸಲ ಓದಿ ಪರಿಚಿತವಾದ ಪದವಾದುದರಿಂದ ಮಗು ಅಕ್ಷರಕ್ಕಾಗಿ ತಡವರಿಸುವುದಿಲ್ಲ; ಅದರ ಗಮನವೆಲ್ಲ ಅರ್ಥದ ಕಡೆಗೆ ಹೋಗುತ್ತದೆ. ಪುನರುಕ್ತಿಯಿಂದ ದೊರೆಯುವ ದೊಡ್ಡ ಲಾಭ ಇದೇ. ‘ಕಮಲ ಹಣ್ಣು ನೋಡಿದಳು’ ಎಂಬಲ್ಲಿ ಪುನರುಕ್ತಿ ನಿಂತುಹೋಗುವುದೂ ಹಾಗೆಯೇ. ‘ತಗೋ’ ಎಂಬ ಮಾತನ್ನು ಕಾಯುತ್ತಿದ್ದ ಮಗುವಿಗೆ ಅದು ಸಿಗದೆ ಹೋದಾಗ, ಕಮಲಳ ಮನಸ್ಸಿನ ಅನುಮಾನ ಯಾರೂ ವಿವರಿಸದೆಯೇ ತಿಳಿಯುತ್ತದೆ.

ಈ ಕಥೆಯನ್ನು ಓದಿದ ಮಕ್ಕಳೆಲ್ಲ ಮರುದಿನದಿಂದ ಹಂಚಿ ತಿಂದರೆಂದು ಹೇಳಿದರೆ ಸುಳ್ಳಾಗುತ್ತದೆ. ಪೆನ್ಸಿಲಿಗಾಗಿ ಜಗಳ ಮುಂಚಿನಂತೆಯೇ ನಡೆಯಿತು. ನಡುವೆ ಯಾರೋ “ನನಗೂ ಒಂದು ತುಂಡು” ಎಂದು ಕೂಗಿ ನಗಿಸುತ್ತಿದ್ದುದಷ್ಟೇ ಹೊಸತು. ಓದಿನ ಉಪಕರಣವಾಗಿಯೂ ಇಂಥ ಕಥೆಗೆ ಆಯುಷ್ಯ ಕಡಿಮೆ. ಒಂದೆರಡು ವಾರಗಳಲ್ಲಿ ಚೀಟಿಗಳ ಎಲ್ಲ ಜೋಡಣೆಗಳೂ ಬಾಯಿಗೆ ಬರುತ್ತವೆ. ಅಲ್ಲಿಂದ ಮುಂದೆ ಅದೂ ಕಂಠಪಾಠವೇ. ಆಗ ಹೊಸ ಊರುಗಳ ಚೀಟಿ ಬೇಕು.

ಅಧ್ಯಾಪಕಿಯವರು ಆನೆಗೊಂದಿ, ಗಂಗಾವತಿಗಳ ಜೊತೆಗೆ ಕೂಡ್ಲಿಗಿಯ ಚೀಟಿಯನ್ನು ಬರೆದು ತಂದರು. ಕಂಪ್ಲಿಯಲ್ಲಿ ಕಲಿತದ್ದು ನಿಯಮವೋ ಬರಿಯ ಹೆಸರೋ ಎಂಬುದನ್ನು ಕೂಡ್ಲಿಗಿಯೇ ಹೇಳಬಲ್ಲುದು. ಏಕೆಂದರೆ ‘ಡ್ಲಿ’ಯಲ್ಲಿಯೂ ಗುಡಿಸು ಮೇಲಿದೆ, ‘ಲ’ಕಾರ ಕೆಳಗಿದೆ. ಚೀಟಿ ತಾಂಡಾದ ಹುಡುಗಿಯ ಪಾಲಿಗೆ ಬಂತು. ಅವಳು ‘ಯಾವ ಊರು?’ ಎಂಬುದನ್ನು ಸರಾಗವಾಗಿ ಓದಿ ಅಲ್ಲಿ ನಿಂತಳು. ಬೆರಳು ‘ಕೂ’ ಎಂಬುದರ ಮೇಲಿಂದ ‘ಡ’ಕಾರಕ್ಕೆ ಬಂತು, ಕೆಳಗಿನ ಒತ್ತಿಗೆ ಇಳಿಯಿತು, ಮತ್ತೆ ಮೇಲಿನ ಗುಡಿಸಿಗೆ ಏರಿತು. ಅನಂತರ ಅವಳು ಯಾರ ಮುಖವನ್ನೂ ನೋಡದೆ “ಕೂಡ್ಲಿಗಿ” ಎಂದಳು. “ನನಗೂ ಕೊಡು” ಎಂದು ಓದುತ್ತ ಮುಂದಿನ ಸಾಲಿಗೆ ಹೋದಳು.